ಗೆಳೆಯನನ್ನು ಕರೆಯುವ ಮಾತು: ಲಕಮನಹಳ್ಳಿಯ ಒಂದು ಹೇಳಿಕೆಯ ಅನುವಾದದಿಂದ ಕಲಿತ ಪಾಠ

ಧಾರವಾಡದ ಅಂಚಿಗಿರುವ ಲಕಮನಹಳ್ಳಿಯು ಒಂದು ಕಾಲಕ್ಕೆ ಒಕ್ಕಲುತನದ ಊರು. ಈಗ ಅದರ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಹೊಲಗಳಿದ್ದ ನೆಲದಲ್ಲಿ ಕಾರ್ಖಾನೆಗಳು ಎದ್ದ ಬಗೆಯನ್ನು ಅಲ್ಲಿಯ ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕೆಂಬ ಉದ್ದೇಶದಿಂದ ನಾವು ಕೆಲವು ಹೇಳಿಕೆಗಳನ್ನು ಸಂಗ್ರಹಿಸುತ್ತ ಬಂದಿದ್ದೇವೆ. ಪ್ರಸ್ತುತ ಲೇಖನವು ಆ ಕಾರ್ಖಾನೆಗಳ ಇತಿಹಾಸವಲ್ಲ. ಆ ಹೇಳಿಕೆಗಳಲ್ಲೊಂದನ್ನು ಅನುವಾದಿಸುವಾಗ ನಾವು ಮಾಡಿದ ಒಂದು ತಪ್ಪು, ಅದನ್ನು ತಿದ್ದಿಕೊಳ್ಳುವ ಯತ್ನದಲ್ಲಿ ಕಂಡುಕೊಂಡ ಕೆಲವು ಸಂಗತಿಗಳು, ಇವಿಷ್ಟೇ ಇಲ್ಲಿಯ ವಿಷಯ. ತಪ್ಪು ನಡೆದದ್ದು ಯಾವುದೋ ಕಠಿಣ ಪಾರಿಭಾಷಿಕ ಪದದಲ್ಲಲ್ಲ. ಒಬ್ಬ ಗೆಳೆಯನು ಇನ್ನೊಬ್ಬನನ್ನು ಕರೆಯುವ ಎರಡಕ್ಷರದ ಮಾತಿನಲ್ಲಿ.

ಹೇಳಿಕೆಯನ್ನು ಕೊಟ್ಟ ಹಿರಿಯರು ಒಕ್ಕಲು ಮನೆತನದವರು. ಎಮ್ಮೆ ಮೇಯಿಸುತ್ತ ಜೊತೆಗೆ ಬೆಳೆದ ಗೆಳೆಯನೊಬ್ಬನೊಂದಿಗೆ ಅವರು ಹರೆಯದಲ್ಲಿ ಒಂದು ಕಾರ್ಖಾನೆಯನ್ನು ಸೇರಿದರು. ಕೆಲವು ವರ್ಷಗಳ ತರುವಾಯ ಗೆಳೆಯನಿಗೆ ಬಡ್ತಿಯಾಗಿ, ಅವನು ಇವರ ಮೇಲಿನ ಸೂಪರ್‌ವೈಜರನಾದನು. ಈ ಗೆಳೆಯನ ಕುರಿತು ಅವರು ಹೇಳಿದ ಮಾತಿನಲ್ಲಿ ಒಂದೇ ಕ್ರಿಯೆಯು ಮೂರು ರೂಪಗಳಲ್ಲಿ ಬರುತ್ತದೆ. ಮೊದಲು ಅವನು ಇವರನ್ನು ಕರೆಯುತ್ತಿದ್ದುದು ‘ಲೇ ದೋಸ್ತಾ, ಬಾರಲೇ’ ಎಂದು. ಬಡ್ತಿಯ ಹೊಸತರಲ್ಲಿ ಅದು ‘ಬಾರಪಾ’ ಎಂದಾಯಿತು. ಒಂದು ಸುಗ್ಗಿಯಲ್ಲಿ ಇವರು ನಾಲ್ಕು ದಿನದ ರಜೆ ಕೇಳಲು ಅವನ ಕೋಣೆಯ ಬಾಗಿಲಿಗೆ ಹೋಗಿ ನಿಂತಾಗ ಅವನು ತಲೆಯೆತ್ತಿ, ‘ಬರ್ರಿ, ಏನ್ ಕೆಲಸಾ ಇತ್ರಿ?’ ಎಂದನು.

ಈ ಭಾಗವನ್ನು ನಾವು ಮೊದಲ ಸಲ ಗ್ರಾಂಥಿಕ ಕನ್ನಡಕ್ಕೆ ತಂದಾಗ ಬರೆದುಕೊಂಡದ್ದು ಹೀಗೆ: ‘ಎಲೈ ಸ್ನೇಹಿತನೇ, ಬಾ’, ‘ಬಾ’, ‘ದಯವಿಟ್ಟು ಬನ್ನಿರಿ, ತಮ್ಮ ಕೆಲಸವೇನು?’ ಇಂಗ್ಲಿಷ್ ಕರಡಿನಲ್ಲಿ ಮೊದಲನೆಯದು ‘ಡ್ಯೂಡ್’ ಎಂಬ ಪದದೊಂದಿಗೆ ಹೊರಟು, ಕೊನೆಯದು ‘ಪ್ಲೀಸ್’ ಎಂಬ ಪದದೊಂದಿಗೆ ಮುಗಿದಿತ್ತು. ಈ ಕರಡಿನ ಆಧಾರದ ಮೇಲೆಯೇ ಒಂದು ನಿರ್ಣಯವನ್ನೂ ಮಾಡಿಬಿಟ್ಟೆವು: ಕಾರ್ಖಾನೆಯ ಶಿಸ್ತು ಬಂದಂತೆ ಕೆಲಸಗಾರರ ಪರಸ್ಪರ ಮಾತಿನಲ್ಲಿ ಸೌಜನ್ಯವು ಹೆಚ್ಚಿತು, ಎಂದು. ಬರೆದುದನ್ನು ಆ ಹಿರಿಯರಿಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ರಿ, ಅವಾ ಬರ್ರಿ ಅಂದಾಗನ ನಮಗ ತಿಳೀತು, ದೋಸ್ತಿ ಮುಗೀತು ಅಂತ’ ಎಂದರು. ನಾವು ಸೌಜನ್ಯವೆಂದು ಓದಿದ್ದು ಒಂದು ಸ್ನೇಹದ ಮರಣವಾಗಿತ್ತು. ಅನುವಾದದ ದೋಷವು ಇಲ್ಲಿ ಶೈಲಿಯ ದೋಷವಾಗಿ ಉಳಿಯದೆ ಇತಿಹಾಸದ ದೋಷವಾಗಿ ಪರಿಣಮಿಸಿತ್ತು.

ದೋಷದ ಮೂಲ ಎಲ್ಲಿದೆ? ‘ಗೆಳೆಯ’ನನ್ನು ಹೆಸರಿಸುವ ಮಾತು ಬೇರೆ, ಗೆಳೆಯನನ್ನು ಕರೆಯುವ ಮಾತು ಬೇರೆ ಎಂಬುದನ್ನು ಮರೆತದ್ದರಲ್ಲಿದೆ. ಹಳಗನ್ನಡದ ‘ಕೆಳೆ’ಯಿಂದ ಬಂದ ‘ಗೆಳೆಯ’ ಎಂಬ ಸೊಗಸಾದ ಪದ ನಮ್ಮಲ್ಲಿದೆ. 1920ರ ದಶಕದಲ್ಲಿ ಬೇಂದ್ರೆಯವರೂ ಅವರ ಸಂಗಡಿಗರೂ ಇದೇ ಧಾರವಾಡದಲ್ಲಿ ಕಟ್ಟಿದ ಬಳಗವು ‘ಗೆಳೆಯರ ಗುಂಪು’ ಎಂದೇ ಹೆಸರಾಯಿತು. ಆದರೆ ಧಾರವಾಡದ ಸಂತೆಯಲ್ಲಿ ಒಬ್ಬನು ಇನ್ನೊಬ್ಬನನ್ನು ‘ಗೆಳೆಯಾ’ ಎಂದು ಕೂಗುವುದನ್ನು ಕೇಳುವುದು ವಿರಳ. ಆ ಸಂಬೋಧನೆಯು ಹಾಡಿನಲ್ಲಿ, ಕಾಗದದಲ್ಲಿ, ಭಾಷಣದಲ್ಲಿ ಬರುತ್ತದೆ. ಹೆಸರಿಸುವ ಮಾತು ‘ಇವನು ನನಗೆ ಏನಾಗಬೇಕು’ ಎಂಬುದನ್ನು ಮೂರನೆಯವನಿಗೆ ತಿಳಿಸುತ್ತದೆ. ಕರೆಯುವ ಮಾತಿಗೆ ತಿಳಿಸಬೇಕಾದದ್ದು ಏನೂ ಇಲ್ಲ; ಇಬ್ಬರಿಗೂ ಗೊತ್ತಿರುವ ಸಂಬಂಧವನ್ನು ಆ ಕ್ಷಣದಲ್ಲಿ ಮತ್ತೊಮ್ಮೆ ಖಚಿತಪಡಿಸುವುದೇ ಅದರ ಕೆಲಸ. ಆದಕಾರಣ ‘ದೋಸ್ತಾ’ ಎಂಬುದಕ್ಕೆ ‘ಸ್ನೇಹಿತನೇ’ ಎಂದು ಬರೆದರೆ ಕೋಶದ ಅರ್ಥವು ಸರಿಯಾಗಿದ್ದರೂ ಮಾತು ಸುಳ್ಳಾಗುತ್ತದೆ.

ಈ ಭೇದವು ನಮ್ಮ ಪೂರ್ವಿಕರಿಗೆ ತಿಳಿಯದ್ದೇನೂ ಅಲ್ಲ. ನಾಟ್ಯಶಾಸ್ತ್ರದಲ್ಲಿ, ಯಾವ ಪಾತ್ರವು ಯಾರನ್ನು ಹೇಗೆ ಕರೆಯಬೇಕೆಂಬುದಕ್ಕೆ ವಿಸ್ತಾರವಾದ ನಿಯಮಗಳಿವೆ. ರಾಜನನ್ನು ಇತರರು ‘ದೇವ’, ‘ಭಟ್ಟ’ ಎಂದು ಕರೆಯಬೇಕು. ವಿದೂಷಕನೊಬ್ಬನಿಗೆ ಮಾತ್ರ ಅವನನ್ನು ‘ವಯಸ್ಯ’ ಎನ್ನುವ ಸಲಿಗೆಯುಂಟು. ‘ವಯಸ್ಯ’ ಎಂದರೆ ಸಮವಯಸ್ಕ, ಓರಗೆಯವನು. ಹೆಂಗಸರ ಮಾತಿನಲ್ಲಿಯಂತೂ ಈ ಭೇದವು ಇನ್ನೂ ಸೂಕ್ಷ್ಮವಾಗಿದೆ. ಗೆಳತಿಯನ್ನು ಕರೆಯಲು ‘ಹಲಾ’, ದಾಸಿಯನ್ನು ಕರೆಯಲು ‘ಹಂಜೇ’, ಅವಳಿಗಿಂತ ಕೆಳಗಿನವಳೆಂದು ಎಣಿಸಲಾದವಳಿಗೆ ‘ಹಂಡೇ’ ಎಂದು ಅಮರಕೋಶವೂ ಈ ಮೂರನ್ನು ಬೇರ್ಪಡಿಸಿ ಹೇಳುತ್ತದೆ. ಈ ಮೂರಕ್ಕೂ ಸ್ವತಂತ್ರವಾದ ಅರ್ಥವಿಲ್ಲವೆಂಬುದು ಗಮನಾರ್ಹ. ಅವು ಸ್ಥಾನವನ್ನು ಮಾತ್ರ ಹೇಳುತ್ತವೆ. ಶಕುಂತಲೆಯನ್ನು ಅನಸೂಯೆ, ಪ್ರಿಯಂವದೆಯರು ‘ಹಲಾ’ ಎಂದು ಕರೆಯುವಾಗ, ಮೂವರೂ ಒಂದೇ ಆಶ್ರಮದಲ್ಲಿ ಸರಿಸಮನಾಗಿ ಬೆಳೆದವರೆಂಬುದನ್ನು ಕವಿಯು ಬೇರೆ ಮಾತಿಲ್ಲದೆ ಸೂಚಿಸಿಬಿಡುತ್ತಾನೆ.

ಸಂಸ್ಕೃತ ನಾಟಕಗಳನ್ನು ಕನ್ನಡಕ್ಕೆ ತಂದ ಹತ್ತೊಂಬತ್ತನೆಯ ಶತಮಾನದ ಲೇಖಕರಿಗೆ ಈ ಪದಗಳೆಲ್ಲ ಎದುರಾಗಿರಲೇಬೇಕು. ಅವರ ಮುಂದಿದ್ದ ದಾರಿಗಳು ಎರಡು. ಬಸವಪ್ಪ ಶಾಸ್ತ್ರಿಗಳು ಮೈಸೂರಿನ ಆಸ್ಥಾನಕ್ಕೆ ಒಪ್ಪುವ ಪ್ರೌಢ ಕನ್ನಡದಲ್ಲಿ ಶಾಕುಂತಲವನ್ನು ರಚಿಸಿದರು. ಅವರಿಗಿಂತ ಮೊದಲು, 1870ರ ಸುಮಾರಿಗೆ, ಚುರಮುರಿ ಶೇಷಗಿರಿರಾಯರು ಅದೇ ನಾಟಕವನ್ನು ನಮ್ಮ ಉತ್ತರ ಕರ್ನಾಟಕದ ಆಡುಮಾತಿಗೆ ಹೊಂದಿಸಿ ಬರೆದರು. ಒಂದು ದಾರಿಯಲ್ಲಿ ಸಂಬೋಧನೆಯ ಪದವನ್ನು ಮೂಲದ ಗೌರವದೊಡನೆ ಉಳಿಸಿಕೊಳ್ಳಬಹುದು. ಇನ್ನೊಂದರಲ್ಲಿ ಅದರ ಸ್ಥಾನಕ್ಕೆ ಇಲ್ಲಿಯ ಸಲಿಗೆಯ ಮಾತನ್ನು ಹುಡುಕಬೇಕಾಗುತ್ತದೆ. ಎರಡನ್ನೂ ಬೆರೆಸಿ ಆಡುಮಾತಿನ ವಾಕ್ಯದ ತುದಿಗೆ ‘ವಯಸ್ಯನೇ’ ಎಂದು ಹಚ್ಚಿದರೆ ಕೇಳುವವರು ನಗುತ್ತಾರೆ. ನಮ್ಮ ‘ಎಲೈ ಸ್ನೇಹಿತನೇ’ ಎಂಬುದು ಅದೇ ಜಾತಿಯ ತಪ್ಪು.

ಈಗ ತರುಣರ ಬಾಯಲ್ಲಿ ಎಲ್ಲೆಡೆ ಕೇಳಿಬರುವ ಮೂರು ಪದಗಳ ಹಿನ್ನೆಲೆಯನ್ನು ನೋಡುವುದು ಉಪಯುಕ್ತವಾಗಿದೆ. ಲಕಮನಹಳ್ಳಿಯ ಕಾರ್ಖಾನೆಗಳ ಮುಂದಿನ ಚಹಾದ ಅಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಈ ಮೂರೂ ಕಿವಿಗೆ ಬೀಳುತ್ತವೆ. ಉತ್ತರ ಭಾರತದಿಂದ ಬಂದ ಕೆಲಸಗಾರರು ‘ಯಾರ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಓದಿ ಬಂದವರು ‘ಮಚ್ಚಾ’ ಎನ್ನುತ್ತಾರೆ. ಕಾಲೇಜಿನ ಹುಡುಗರು ‘ಡ್ಯೂಡ್’ ಎನ್ನುತ್ತಾರೆ. ಮೂರಕ್ಕೂ ‘ಗೆಳೆಯ’ ಎಂದೇ ಅರ್ಥ ಬರೆಯುವುದು ರೂಢಿ. ಆದರೆ ಮೂರರ ಹುಟ್ಟೂ ಮೂರು ತೆರನಾದ ಸಂಬಂಧಗಳಲ್ಲಿದೆ.

‘ಯಾರ್’ ಮತ್ತು ‘ದೋಸ್ತ್’ ಎರಡೂ ಪಾರಸಿ ಪದಗಳು; ಎರಡಕ್ಕೂ ಮೂಲದಲ್ಲಿಯೇ ಸ್ನೇಹದ ಅರ್ಥವಿದೆ. ವಿಜಾಪುರದ ಆದಿಲಶಾಹಿ ಆಳಿಕೆಯು 1686ರಲ್ಲಿ ಮುಗಿಯುವ ಹೊತ್ತಿಗೆ ಪಾರಸಿಯೂ ದಖನಿಯೂ ಈ ನಾಡಿನ ಕಚೇರಿ, ಪೇಟೆ, ದಂಡುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ‘ದೋಸ್ತ’ ಎಂಬುದು ಹಾಗೆ ನಮ್ಮದಾದ ಪದಗಳಲ್ಲೊಂದು. ಅದರಿಂದ ‘ದೋಸ್ತಿ’ ಎಂಬ ಭಾವನಾಮವನ್ನೂ ನಾವು ಬಳಸುತ್ತೇವೆ. ‘ಯಾರ್’ ಮಾತ್ರ ಕನ್ನಡದಲ್ಲಿ ಬೇರೂರಲಿಲ್ಲ. ಇದಕ್ಕೆ ಒಂದು ಸರಳವಾದ ಕಾರಣವನ್ನು ಊಹಿಸಬಹುದು. ಕನ್ನಡದಲ್ಲಿ ‘ಯಾರು’, ‘ಯಾರ’ ಎಂಬ ಪ್ರಶ್ನಾರ್ಥಕಗಳು ಆ ಸ್ಥಾನವನ್ನು ಮೊದಲೇ ಆಕ್ರಮಿಸಿವೆ. ‘ಯಾರ್ ಬಂದಾನ’ ಎಂದರೆ ಧಾರವಾಡದವನು ಹೊರಗೆ ಇಣುಕಿ ನೋಡಿಯಾನೇ ಹೊರತು ತನ್ನನ್ನು ಕರೆದರೆಂದು ತಿಳಿಯಲಾರನು. ಹಿಂದಿಯ ಸಂಭಾಷಣೆಯನ್ನು ಕನ್ನಡಕ್ಕೆ ತರುವವರು ‘ಯಾರ್’ ಎಂದು ಹಾಗೆಯೇ ಉಳಿಸಿದರೆ ಓದುಗನು ಪ್ರತಿ ಸಲವೂ ಎಡವುವುದು ಈ ಕಾರಣದಿಂದಲೇ.

‘ಮಚ್ಚಾ’ ಎಂಬುದರ ಕಥೆ ಇನ್ನೂ ರೋಚಕವಾದುದು. ಅದು ತಮಿಳಿನ ‘ಮಚ್ಚಾನ್’ ಎಂಬುದರಿಂದ ಬಂದದ್ದು. ಅದರ ಅರ್ಥ ಗೆಳೆಯನೆಂದಲ್ಲ, ಭಾವಮೈದುನನೆಂದು. ದ್ರಾವಿಡ ಭಾಷಿಕರ ಬಂಧುತ್ವ ಪದ್ಧತಿಯಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಅಣ್ಣತಮ್ಮಂದಿರು. ಸೋದರಮಾವನ ಮಗ, ಸೋದರತ್ತೆಯ ಮಗ ಭಾವಮೈದುನರು. ಮೊದಲಿನವರ ನಡುವೆ ಹಿರಿಕಿರಿತನದ ಕಟ್ಟುಪಾಡು ಇದೆ. ಎರಡನೆಯವರ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವಿರುವುದರಿಂದ ಚೇಷ್ಟೆಗೂ ಸಲಿಗೆಗೂ ಸಮಾಜವೇ ಅನುಮತಿ ಕೊಟ್ಟಿದೆ. ಇಂಥ ವಿನೋದ ಸಂಬಂಧಗಳನ್ನು ಕುರಿತು ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನರು 1940ರಲ್ಲಿ ಬರೆದ ಪ್ರಬಂಧವು ಪ್ರಸಿದ್ಧವಾಗಿದೆ. ಹೊರಗಿನ ಗೆಳೆಯನನ್ನು ಈ ಸಲಿಗೆಯೊಳಗೆ ಸೇರಿಸಿಕೊಳ್ಳಬೇಕಾದಾಗ ತಮಿಳರು ‘ಮಚ್ಚಾನ್’ ಎಂದರು. ಬೆಂಗಳೂರಿನಲ್ಲಿ ಅದು ‘ಮಚ್ಚಾ’ ಎಂದಾಯಿತು. ನಮ್ಮ ಹುಬ್ಬಳ್ಳಿ ಧಾರವಾಡದ ಹುಡುಗರು ‘ಏ ಮಾವಾ’ ಎಂದೂ ‘ಅಳಿಯಾ’ ಎಂದೂ ಗೆಳೆಯನನ್ನು ಕರೆಯುವುದು ಇದೇ ಬಂಧುತ್ವದ ಇನ್ನೊಂದು ಬಾಗಿಲಿನಿಂದ. ಪದ ಬೇರೆಯಾದರೂ ಅದರ ಹಿಂದಿನ ಸಲಿಗೆ ಒಂದೇ.

ಈ ಪದವನ್ನು ಅದರ ನೇರ ಅರ್ಥ ಹಿಡಿದು ಹಿಂದಿಗೆ ಕೊಂಡೊಯ್ದರೆ ಏನಾಗುತ್ತದೆಂಬುದನ್ನು ನೋಡಿರಿ. ಹೆಂಡತಿಯ ಸಹೋದರನಿಗೆ ಹಿಂದಿಯಲ್ಲಿ ‘ಸಾಲಾ’ ಎನ್ನುತ್ತಾರೆ. ಇರಾವತಿ ಕರ್ವೆಯವರು 1953ರ ತಮ್ಮ ಬಂಧುತ್ವದ ಗ್ರಂಥದಲ್ಲಿ ಉತ್ತರ ಮತ್ತು ದಕ್ಷಿಣದ ಪದ್ಧತಿಗಳ ಭೇದವನ್ನು ವಿಶದಪಡಿಸಿದ್ದಾರೆ. ಉತ್ತರದಲ್ಲಿ ಹೆಣ್ಣು ಕೊಡುವುದು ದೂರದ ಅಪರಿಚಿತರ ಮನೆಗೆ; ಕೊಟ್ಟವರು ತಗ್ಗಿ ನಡೆಯಬೇಕು, ತಂದವರು ಮೇಲಿನವರು. ಆದಕಾರಣ ಪರಕೀಯನನ್ನು ‘ಸಾಲಾ’ ಎಂದರೆ ‘ನಿನ್ನ ಅಕ್ಕತಂಗಿಯರು ನನ್ನ ವಶ’ ಎಂಬ ಬೈಗುಳವಾಗುತ್ತದೆ. ದಕ್ಷಿಣದಲ್ಲಿ ಹೆಣ್ಣು ಕೊಡುವವರೂ ತರುವವರೂ ಅವೇ ಬೀಗರು. ಇಂದು ಕೊಟ್ಟವರು ನಾಳೆ ತರುತ್ತಾರೆ. ಸಂಬಂಧವು ಸಮವಾಗಿ ನಿಲ್ಲುತ್ತದೆ. ಒಂದೇ ನಂಟು ವಿಂಧ್ಯದ ಆಚೆ ಬೈಗುಳ, ಈಚೆ ಮುದ್ದು. ಉತ್ತರದಲ್ಲಿಯೂ ಆಪ್ತರು ತಮ್ಮೊಳಗೆ ‘ಸಾಲೆ’ ಎಂದು ವಿನೋದ ಮಾಡುವುದುಂಟು; ಆದರೆ ಅದು ಬೈಗುಳವನ್ನು ಸಲಿಗೆಯಾಗಿ ತಿರುಗಿಸಿಕೊಂಡದ್ದು. ‘ಮಚ್ಚಾ’ದಲ್ಲಿ ತಿರುಗಿಸಬೇಕಾದ ಬೈಗುಳವೇ ಇಲ್ಲ. ಹಿಂದಿಗೆ ಇದನ್ನು ‘ಯಾರ್’ ಎಂದು ತರುವುದೇ ಕ್ಷೇಮ. ಬಂಧುತ್ವದ ಅರ್ಥವು ಹೋದರೂ ಸಮಾನತೆಯು ಉಳಿಯುತ್ತದೆ.

‘ಡ್ಯೂಡ್’ ಎಂಬುದು ಗೆಳೆತನದಲ್ಲಿಯೂ ಹುಟ್ಟಲಿಲ್ಲ, ನಂಟಿನಲ್ಲಿಯೂ ಹುಟ್ಟಲಿಲ್ಲ. ಅದು ಹುಟ್ಟಿದ್ದು ಪರಿಹಾಸದಲ್ಲಿ. 1883ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳು ಅತಿಯಾಗಿ ಅಲಂಕರಿಸಿಕೊಂಡು ಇಂಗ್ಲಿಷರ ಅನುಕರಣೆ ಮಾಡುವ ಶೋಕಿಲಾಲರನ್ನು ಈ ಪದದಿಂದ ಅಣಕಿಸಿದವು. ಮುಂದೆ ಅಮೆರಿಕದ ಪಶ್ಚಿಮ ಭಾಗದಲ್ಲಿ ಅದು ಪಟ್ಟಣದಿಂದ ಬಂದ ಅನನುಭವಿಗೆ ಹೆಸರಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಂತಹಂತವಾಗಿ ತರುಣರು ಪರಸ್ಪರ ಕರೆಯುವ ಮಾತಾಯಿತು. ಸ್ಕಾಟ್ ಕೀಸ್ಲಿಂಗ್ ಎಂಬ ಭಾಷಾವಿಜ್ಞಾನಿ 2004ರಲ್ಲಿ ಇದನ್ನು ಕುರಿತು ಬರೆದ ಲೇಖನದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದ್ದಾರೆ: ಈ ಪದವು ತರುಣರ ನಡುವೆ ಆತ್ಮೀಯತೆಯನ್ನೂ ಅಷ್ಟೇ ಪ್ರಮಾಣದ ಅಂತರವನ್ನೂ ಏಕಕಾಲಕ್ಕೆ ಸೂಚಿಸುತ್ತದೆ. ‘ನಾವು ಜೊತೆಗಾರರು, ಆದರೆ ಬಹಳ ಹತ್ತಿರವಲ್ಲ’ ಎಂಬ ಧೋರಣೆ ಅದರದು. ನಮ್ಮ ‘ಲೇ ದೋಸ್ತಾ’ ಎಂಬುದರಲ್ಲಿ ಈ ಅಂತರವಿಲ್ಲ. ಅದನ್ನು ‘ಡ್ಯೂಡ್’ ಎಂದದ್ದು ನಮ್ಮ ಎರಡನೆಯ ತಪ್ಪು. ಎಮ್ಮೆಯ ಬೆನ್ನ ಮೇಲೆ ಜೊತೆಗೆ ಕುಳಿತು ಬೆಳೆದವರನ್ನು ಅದು ನಿನ್ನೆ ಪರಿಚಯವಾದವರನ್ನಾಗಿ ಮಾಡಿಬಿಟ್ಟಿತು.

ಇಷ್ಟು ನೋಡಿದ ಮೇಲೆ ಹೇಳಿಕೆಯ ಮೂಲಕ್ಕೆ ಮರಳಬಹುದು. ಅಲ್ಲಿ ‘ದೋಸ್ತಾ’ ಎಂಬ ನಾಮಪದವು ಒಂದೇ ಸಲ ಬಂದಿದೆ. ನಿಜವಾದ ಭಾರವನ್ನು ಹೊತ್ತಿರುವುದು ಕ್ರಿಯಾಪದದ ಬಾಲಗಳು: ಲೇ, ಪಾ, ರಿ. ಇವುಗಳಲ್ಲಿ ‘ಪಾ’ ಎಂಬುದು ‘ಅಪ್ಪಾ’ ಎಂಬುದರ ಸವೆದ ರೂಪ. ಹೆಂಗಸರಿಗೆ ಹೇಳುವಾಗ ‘ಬಾರವಾ’ ಎಂದು ‘ಅವ್ವಾ’ ಬರುತ್ತದೆ. ‘ರಿ’ ಎಂಬುದು ಬಹುವಚನದ ವಿಧಿರೂಪದಿಂದ ಬಂದ ಗೌರವಸೂಚಕ. ‘ಲೇ’ ಎಂಬುದು ‘ಎಲೆ’, ‘ಎಲಾ’ ಎಂಬ ಹಳೆಯ ಸಂಬೋಧನೆಗಳ ಬಳಗದ್ದು. ಸರೀಕರಲ್ಲಿ ಅದು ಸಲಿಗೆ, ಕಿರಿಯರಿಗೆ ಹೇಳಿದರೆ ಅಧಿಕಾರ, ಹಿರಿಯರಿಗೆ ಹೇಳಿದರೆ ಅವಮಾನ. ಕನ್ನಡದಲ್ಲಿ ಗೆಳೆತನದ ಸಂಬೋಧನೆಯು ಹೀಗೆ ಬಹುಮಟ್ಟಿಗೆ ನಾಮಪದದಲ್ಲಿರದೆ ಬಾಲದಲ್ಲಿರುತ್ತದೆ. ಅನುವಾದಕನು ನಾಮಪದವನ್ನಷ್ಟೇ ಹುಡುಕುತ್ತ ಹೋದರೆ ಬಾಲವು ಕೈತಪ್ಪುತ್ತದೆ.

ಕನ್ನಡದಿಂದ ಕನ್ನಡಕ್ಕೆ ತರುವಾಗಲೂ ಈ ಅಪಾಯ ತಪ್ಪಿದ್ದಲ್ಲ. ಧಾರವಾಡದಲ್ಲಿ ಗಂಡಸು ಗಂಡಸನ್ನು ‘ಲೇ’ ಎನ್ನುತ್ತಾನೆ. ಮೈಸೂರಿನ ಕಡೆ ಗಂಡಸಿಗೆ ‘ಲೋ’, ‘ಬಾರೋ’. ‘ಲೇ’, ‘ಬಾರೇ’ ಎಂಬುವು ಹೆಣ್ಣಿಗೆ ಸಲ್ಲುತ್ತವೆ. ಹಳೆಯ ಮೈಸೂರಿನ ಓದುಗನು ‘ಬಾರಲೇ’ ಎಂಬುದನ್ನು ಸಂದರ್ಭವಿಲ್ಲದೆ ಓದಿದರೆ ಗಂಡನು ಹೆಂಡತಿಯನ್ನು ಕರೆಯುತ್ತಿದ್ದಾನೆಂದು ತಿಳಿಯಬಹುದು. ಧಾರವಾಡದೊಳಗೂ ಈ ಮಾತು ಎಲ್ಲರ ಮನೆಗಳಲ್ಲಿ ಒಂದೇ ರೀತಿಯಾಗಿಲ್ಲ. ಇಲ್ಲಿಯ ಕನ್ನಡವು ಸಾಮಾಜಿಕ ವರ್ಗಕ್ಕೆ ಅನುಸಾರವಾಗಿ ಬೇರ್ಪಡುವುದನ್ನು ವಿಲಿಯಂ ಮೆಕಾರ್ಮಕ್ ಎಂಬ ವಿದ್ವಾಂಸರು 1960ರಷ್ಟು ಹಿಂದೆಯೇ ವಿವೇಚಿಸಿದ್ದಾರೆ. ಆದುದರಿಂದ ಹೇಳಿಕೆ ಕೊಟ್ಟವರು ಯಾರು, ಯಾವ ಓಣಿಯವರು, ಇತರರನ್ನು ಹೇಗೆ ಕರೆಯುತ್ತಾರೆ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಗುರುತು ಮಾಡಿಕೊಳ್ಳುವುದು ಅವಶ್ಯ.

ಈ ತಿಳಿವಳಿಕೆಯಿಂದ ನಾವು ಅನುವಾದವನ್ನು ಮತ್ತೆ ಕೈಗೆತ್ತಿಕೊಂಡೆವು. ಈ ಸಲ ಒಂದೊಂದು ಮಾತಿಗೆ ಒಂದೊಂದು ಸಮಾನಪದವನ್ನು ಹುಡುಕಲಿಲ್ಲ. ಮೊದಲು ಮೂಲದ ಮೆಟ್ಟಿಲುಗಳನ್ನು ಕ್ರಮವಾಗಿ ಬರೆದುಕೊಂಡೆವು: ಲೇ, ಪಾ, ರಿ. ಬಳಿಕ ಗುರಿಭಾಷೆಯಲ್ಲಿ ಅಂಥದೇ ಮೂರು ಮೆಟ್ಟಿಲುಗಳು ಯಾವುವೆಂದು ಕೇಳಿಕೊಂಡೆವು. ಮೈಸೂರು ಕನ್ನಡಕ್ಕೆ ‘ಬಾರೋ’, ‘ಬಾರಪ್ಪಾ’, ‘ಬನ್ನಿ’ ಎಂಬುವು ಸರಿಯಾಗಿ ಕೂಡುತ್ತವೆ. ತಮಿಳಿನಲ್ಲಿ ‘ವಾಡಾ’, ‘ವಾಪ್ಪಾ’, ‘ವಾಂಗ’ ಎಂಬ ಮೂರೂ ಸಿದ್ಧವಾಗಿವೆ. ಮೊದಲನೆಯದರ ಹಿಂದೆ ‘ಮಚ್ಚಾನ್’ ಸೇರಿಸಿದರೂ ಒಪ್ಪುತ್ತದೆ. ಹಿಂದಿಯಲ್ಲಿ ‘ಆ ಯಾರ್’, ‘ಆಓ ಭಾಈ’, ‘ಆಇಏ’ ಎಂದು ತೂ, ತುಮ್, ಆಪ್‌ಗಳ ಮೂರು ಮೆಟ್ಟಿಲುಗಳಿವೆ. ತೊಡಕಾದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಮಧ್ಯಮ ಪುರುಷಕ್ಕೆ ‘ಯೂ’ ಎಂಬುದೊಂದೇ ಸರ್ವನಾಮ. ‘ಕಮ್’ ಎಂಬ ಕ್ರಿಯೆಗೆ ಬಾಲವಿಲ್ಲ.

ಸರ್ವನಾಮಗಳಲ್ಲಿ ಅಧಿಕಾರ ಮತ್ತು ಸಮಭಾವ ಎಂಬ ಎರಡು ಎಳೆಗಳಿರುತ್ತವೆಂದು ಬ್ರೌನ್ ಮತ್ತು ಗಿಲ್ಮನ್ ಎಂಬುವರು 1960ರಲ್ಲಿ ಪ್ರತಿಪಾದಿಸಿದರು. ಇಂಗ್ಲಿಷಿನ ಸರ್ವನಾಮದಲ್ಲಿ ಕಳೆದುಹೋದ ಆ ಎಳೆಗಳು ಬೇರೆಲ್ಲಿ ಉಳಿದಿವೆಯೆಂದು ಹುಡುಕಿದಾಗ ಉತ್ತರ ದೊರೆಯಿತು: ಹೆಸರಿನಲ್ಲಿ. ಇಂಗ್ಲಿಷರು ಆಪ್ತನನ್ನು ಅಡ್ಡಹೆಸರಿನಿಂದ, ಪರಿಚಿತನನ್ನು ಮೊದಲ ಹೆಸರಿನಿಂದ, ದೂರದವನನ್ನು ‘ಮಿಸ್ಟರ್’ ಎಂಬ ಉಪಾಧಿಯೊಡನೆ ಮನೆತನದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹೇಳಿಕೆಯಲ್ಲಿ ಇವರಿಗೆ ಬಾಲ್ಯದ ಅಡ್ಡಹೆಸರೊಂದು ಇತ್ತು. ಹಾಗಾಗಿ ಮೊದಲ ಮಾತಿಗೆ ಆ ಅಡ್ಡಹೆಸರನ್ನೂ ಬರಿಯ ‘ಕಮ್ ಆನ್’ ಎಂಬುದನ್ನೂ ಇಟ್ಟೆವು. ಎರಡನೆಯದಕ್ಕೆ ಮೊದಲ ಹೆಸರು. ಮೂರನೆಯದಕ್ಕೆ ‘ಯೆಸ್, ಮಿಸ್ಟರ್’ ಎಂದು ಮನೆತನದ ಹೆಸರು. ‘ಪ್ಲೀಸ್’ ಎಂಬುದನ್ನು ತೆಗೆದುಹಾಕಿದೆವು, ಏಕೆಂದರೆ ಆ ಸೂಪರ್‌ವೈಜರನು ಯಾರನ್ನೂ ಬೇಡಿಕೊಳ್ಳುತ್ತಿರಲಿಲ್ಲ. ಗೆಳೆಯನೆಂಬ ಪದ ಒಂದೂ ಇಲ್ಲದ ಈ ಅನುವಾದದಲ್ಲಿ ಗೆಳೆತನವು ಕಳೆದುಹೋದದ್ದು ಓದುವವರಿಗೆ ಸ್ಪಷ್ಟವಾಗಿ ಕೇಳಿಸಿತು.

ಎದುರು ದಿಕ್ಕಿನಲ್ಲಿ, ಎಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ, ‘ಡ್ಯೂಡ್’ ಎಂಬುದು ವಾಕ್ಯದಲ್ಲಿ ಮಾಡುತ್ತಿರುವ ಕೆಲಸವನ್ನು ನೋಡಬೇಕು. ಒಬ್ಬನನ್ನು ದೂರದಿಂದ ಕರೆಯುತ್ತಿದ್ದರೆ ಹೆಸರಾಗಲಿ ‘ಏ’ ಎಂಬುದಾಗಲಿ ಸಾಕು. ಆಶ್ಚರ್ಯವನ್ನು ಸೂಚಿಸಲು ಬಂದಿದ್ದರೆ ಅದು ಸಂಬೋಧನೆಯೇ ಅಲ್ಲ. ‘ಅಬ್ಬಾ’, ‘ಏನಲೇ ಇದು’ ಎಂಬಂಥ ಉದ್ಗಾರ ಬೇಕು. ಬಿರುಸಾದ ಮಾತನ್ನು ಮೆದುಗೊಳಿಸಲು ವಾಕ್ಯದ ಕೊನೆಗೆ ಬಂದಿದ್ದರೆ ‘ತಪ್ಪಾತಪಾ’, ‘ಬಿಡಪಾ’ ಎಂಬಲ್ಲಿಯ ‘ಪಾ’ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಒಂದು ಪುಟದಲ್ಲಿ ಹತ್ತು ಸಲ ಬಂದ ‘ಡ್ಯೂಡ್’ಗೆ ಹತ್ತು ಸಲ ‘ದೋಸ್ತ’ ಎಂದು ಬರೆದರೆ ನಾಟಕದ ಕಂಪನಿಯ ಹಾಸ್ಯಪಾತ್ರವು ಮಾತಾಡಿದಂತೆ ಕೇಳುತ್ತದೆ. ವಾಕ್ಯವನ್ನು ಗಟ್ಟಿಯಾಗಿ ಓದಿ, ಸಂಬೋಧನೆಯನ್ನು ತೆಗೆದು, ಮತ್ತೊಮ್ಮೆ ಓದುವುದು ನಾವು ಕಂಡುಕೊಂಡ ಸರಳ ಪರೀಕ್ಷೆ. ಇಬ್ಬರ ಸಂಬಂಧವು ಹಾಗೆಯೇ ಉಳಿದರೆ ಆ ಪದವು ಬೇಕಾಗಿರಲಿಲ್ಲ. ಸಂಬಂಧವು ಬದಲಾದರೆ ಅದು ಬೇಕೇಬೇಕು.

ಈ ಕ್ರಮಕ್ಕೆ ಮಿತಿಗಳಿಲ್ಲದಿಲ್ಲ. ‘ಮಾವಾ’ ಎಂಬುದರ ಹಿಂದಿನ ಬೀಗತನದ ವಿನೋದವನ್ನು ಇಂಗ್ಲಿಷಿನ ಯಾವ ಮೆಟ್ಟಿಲೂ ತೋರಿಸಲಾರದು. ಹುಡುಗಿಯರು ಪರಸ್ಪರ ಕರೆಯುವಾಗ ಬರುವ ‘ನನ್ನವ್ವಾ’ ಎಂಬುದರ ಅಕ್ಕರೆಯೂ ಹಾಗೆಯೇ. ಅಂಥಲ್ಲಿ ಮೂಲದ ಪದವನ್ನು ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ ಸಂದರ್ಭದಿಂದಲೇ ಅದು ತಿಳಿಯುವಂತೆ ಮಾಡಬೇಕಾಗುತ್ತದೆ. ಇನ್ನು ಹೇಳಿಕೆಯ ಮೂಲಪಾಠವನ್ನು ಗ್ರಾಂಥಿಕಕ್ಕೆ ತಿರುಗಿಸಿ ಮೂಲವನ್ನು ಎಸೆದುಬಿಡುವುದಂತೂ ಸಲ್ಲದು. ನಾವು ಆಡುಮಾತಿನ ಪ್ರತಿಯನ್ನು ಕಾದಿಟ್ಟಿರದಿದ್ದರೆ, ನಮ್ಮ ತಪ್ಪು ನಿರ್ಣಯವನ್ನು ತಿದ್ದುವ ಸಾಧನವೇ ಇರುತ್ತಿರಲಿಲ್ಲ.

ತಿದ್ದಿದ ಅನುವಾದವನ್ನು ಓದಿ ಹೇಳಲು ನಾವು ಲಕಮನಹಳ್ಳಿಗೆ ಹೋದಾಗ ಆ ಹಿರಿಯರು ಮೊದಲು ಹೇಳದೆ ಬಿಟ್ಟಿದ್ದ ಒಂದು ಮಾತನ್ನು ಸೇರಿಸಿದರು. ಇಬ್ಬರೂ ನಿವೃತ್ತರಾದ ಮೇಲೆ, ಒಂದು ಮುಂಜಾನೆ ಹಣಮಪ್ಪನ ಗುಡಿಯ ಹತ್ತಿರ ಆ ಹಳೆಯ ಗೆಳೆಯನು ಎದುರಾಗಿ, ಸ್ವಲ್ಪ ತಡೆದು, ‘ಎಲ್ಲಿ ಹೊಂಟೀಲೇ?’ ಎಂದು ಕೇಳಿದನಂತೆ. ‘ಇಷ್ಟ ವರ್ಷದ ಮ್ಯಾಲೆ ಲೇ ಅಂದಾ ನೋಡ್ರಿ’ ಎಂದು ಹೇಳುವಾಗ ಅವರ ಕಣ್ಣು ತುಂಬಿದ್ದವು. ಅದನ್ನು ನಾವು ಹೇಳಿಕೆಯ ನಾಲ್ಕನೆಯ ಮಾತಾಗಿ ಬರೆದುಕೊಂಡೆವು. ಇಂಗ್ಲಿಷಿನ ಪ್ರತಿಯಲ್ಲಿ ಆ ಸ್ಥಳದಲ್ಲಿ ಮತ್ತೆ ಬಾಲ್ಯದ ಅಡ್ಡಹೆಸರು ಬಂದು ನಿಂತಿದೆ.